ನರೆತ ಗಡ್ಡಕ್ಕೆ ಮದರಂಗಿ ಮತ್ತು ಕತಮ್

ಹಿಜರಿ 8ರಲ್ಲಿ (ಕ್ರಿ.ಶ. 630) ಮಕ್ಕಾ ವಿಜಯದ ದಿನ ಹಝ್ರತ್ ಅಬೂಬಕರ್(ರ)ರ ವೃದ್ಧ ತಂದೆ ಅಬೂ ಕುಹಾಫರನ್ನು ಪ್ರವಾದಿ(ಸ)ರ ಬಳಿಗೆ ಕರೆತರಲಾಯಿತು. ಅವರ ತಲೆ, ಗಡ್ಡಗಳೆಲ್ಲ ಬಿಳಿ ಹೂವಿನ ಸಗಾಮ ಗಿಡದಂತೆ ಬೆಳ್ಳಗಿದ್ದವು. ಇದನ್ನು ಯಾವುದಾದರೂ ಬಣ್ಣದಿಂದ ಬದಲಿಸಿರಿ, ಆದರೆ ಕಪ್ಪನ್ನು ದೂರವಿಡಿರಿ ಎಂದು ಪ್ರವಾದಿ(ಸ)ರು ಹೇಳಿದುದಾಗಿ ಸಹೀಹ್ ಮುಸ್ಲಿಮ್‌ನಲ್ಲಿದೆ.

ಹಾಗಾದರೆ ಅಂದಿನವರು ಏನು ಹಚ್ಚುತ್ತಿದ್ದರು? ಅನಸ್(ರ)ರ ವರದಿಯಂತೆ ಉಮರ್(ರ) ಬರಿಯ ಮದರಂಗಿಯನ್ನೂ, ಅಬೂಬಕರ್(ರ) ಮದರಂಗಿ ಮತ್ತು ಕತಮ್ ಎರಡನ್ನೂ ಬಳಸುತ್ತಿದ್ದರು. ಕತಮ್ ಗಾಢ ಬಣ್ಣ ಕೊಡುವ ಒಂದು ಗಿಡ. ಅದನ್ನು ಮದರಂಗಿಯೊಡನೆ ಬೆರೆಸಿದಾಗ ಬರುವುದು ಕೆಂಪು ಬೆರೆತ ಕಪ್ಪು. ಈಗ ನಾವು ಕತಮ್‌ನ ಸ್ಥಾನದಲ್ಲಿ ಸಾಮಾನ್ಯವಾಗಿ ಬಳಸುವುದು ನೀಲಿ ಗಿಡದ ಎಲೆಯ ಪುಡಿಯನ್ನು.

ಈ ಬೆರಕೆಯಲ್ಲಿ ಗಡ್ಡ ಮಸಿ ಬಳಿದಂತೆ ಕಾಣದಿರುವುದಕ್ಕೆ ಕಾರಣವಿದೆ. ಮದರಂಗಿಯು ಕೂದಲಿನ ಸಹಜ ಕಪ್ಪನ್ನು ಅಳಿಸುವುದಿಲ್ಲ, ಅದರ ಮೇಲೆ ತೆಳುವಾಗಿ ಕೂರುತ್ತದೆ. ಆದುದರಿಂದ ಕಪ್ಪು ಎಳೆ ಕಪ್ಪಾಗಿಯೇ ಉಳಿದು, ಬಿಳಿ ಎಳೆ ಮಾತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಎಳೆಯಿಂದ ಎಳೆಗೆ ವ್ಯತ್ಯಾಸ ಉಳಿಯುತ್ತದೆ. ಪೇಟೆಯ ಕಡುಗಪ್ಪು ಬಣ್ಣವಾದರೋ ಎಲ್ಲ ಎಳೆಗಳನ್ನೂ ಒಂದೇ ಕಪ್ಪಿಗೆ ಇಳಿಸುತ್ತದೆ. ಕೆನ್ನೆಯ ಚರ್ಮಕ್ಕೂ ಅಂಟಿ ಗಡ್ಡದ ಅಂಚನ್ನು ಗೆರೆ ಎಳೆದಂತೆ ಮಾಡುತ್ತದೆ.

ಗದ್ದದಲ್ಲಿ ಪೂರ್ತಿ ನರೆತು, ಕೆನ್ನೆಗಳಲ್ಲಿ ಅರ್ಧ ನರೆತ ಗಡ್ಡವನ್ನು ತೆಗೆದುಕೊಳ್ಳೋಣ. ಮದರಂಗಿ ಪುಡಿಯನ್ನು ನಿಂಬೆರಸ ಬೆರೆತ ನೀರಿನಲ್ಲಿ ಕೆಲವು ಗಂಟೆ ನೆನೆಸಬೇಕು. ನೀಲಿ ಪುಡಿಯನ್ನು ಹಚ್ಚುವ ಮುನ್ನವಷ್ಟೇ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿ ಹತ್ತು-ಹದಿನೈದು ನಿಮಿಷ ಬಿಡಬೇಕು. ತಡವಾದರೆ ಅದು ಶಕ್ತಿ ಕಳೆದುಕೊಳ್ಳುತ್ತದೆ. ಎರಡನ್ನೂ ಸಮವಾಗಿ ಬೆರೆಸಿದರೆ ಕಂದು, ನೀಲಿ ಹೆಚ್ಚಿದಷ್ಟೂ ಕಪ್ಪಿನತ್ತ ಸಾಗುತ್ತದೆ. ಗದ್ದಕ್ಕೆ ಮೊದಲು ಹಚ್ಚಿ, ಕೆನ್ನೆಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಅಲ್ಲಲ್ಲಿ ಮಾತ್ರ ಎಳೆದು, ಕೆಲವು ಬಿಳಿ ಎಳೆಗಳನ್ನು ಹಾಗೆಯೇ ಬಿಟ್ಟರೆ ಕರಿ-ಬಿಳಿ ಬೆರೆತ ಸಹಜ ರೂಪ ಉಳಿಯುತ್ತದೆ. ಮೀಸೆಯನ್ನು ಕೊನೆಗೆ ಹಚ್ಚಿ ಬೇಗ ತೊಳೆಯುವುದು ಒಳ್ಳೆಯದು. ತೊಳೆದಾಗ ಹಸಿರು ಛಾಯೆ ಕಂಡರೆ ಗಾಬರಿ ಬೇಡ. ಒಂದೆರಡು ದಿನಗಳಲ್ಲಿ ಗಾಳಿಗೆ ಬಣ್ಣ ಗಾಢವಾಗುತ್ತದೆ. ಅವಸರಪಟ್ಟು ಮತ್ತೆ ಹಚ್ಚಿದವರ ಗಡ್ಡವೇ ಮಸಿಯಂತಾಗುವುದು.

‘ಕಪ್ಪು ಮೆಹಂದಿ’ ಎಂದು ಮಾರುವ ಪುಡಿಗಳಲ್ಲಿ ಪಿ.ಪಿ.ಡಿ. ಎಂಬ ರಾಸಾಯನಿಕ ಇರುವುದುಂಟು. ಅದು ಕೆಲವರ ಚರ್ಮವನ್ನು ಊದಿಸಿ ಗುಳ್ಳೆ ಎಬ್ಬಿಸುತ್ತದೆ. ಮದರಂಗಿಯಿಂದ ಕಪ್ಪು ಬಣ್ಣ ತಾನಾಗಿ ಬರುವುದಿಲ್ಲವೆಂಬುದನ್ನು ನೆನಪಿಟ್ಟರೆ ಈ ಮೋಸ ತಿಳಿಯುತ್ತದೆ.

ಶುದ್ಧ ಕಪ್ಪಿನ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಇಮಾಮ್ ನವವಿ ಅದನ್ನು ನಿಷಿದ್ಧವೆಂದರು. ಅದು ಕೇವಲ ಅನಪೇಕ್ಷಿತವೆಂದವರೂ ಇದ್ದಾರೆ. ಹುಸೈನ್(ರ)ರ ಕೂದಲಿಗೆ ವಸ್ಮ ಎಂಬ ಎಲೆಯ ಬಣ್ಣ ಹಚ್ಚಿತ್ತೆಂಬ ವರದಿ ಬುಖಾರಿಯಲ್ಲಿದೆ. ಅಬೂಬಕರ್(ರ)ರ ಬೆರಕೆಯಲ್ಲಿ ಮಾತ್ರ ಮದರಂಗಿಯ ಕೆಂಪು ಇದ್ದೇ ಇತ್ತು.