ಸರ್ವಜ್ಞನ ಸಾಲದ ಪದ್ಯ: ಹತ್ತು ಗಣದಲ್ಲಿ ಎಷ್ಟು ಹಿಡಿಸುತ್ತೆ?

ಚೆನ್ನೈನಲ್ಲಿರೋರು ಅಯನಾವರಂ ಕಡೆ ಹೋದ್ರೆ ಅಲ್ಲಿನ ಜೀವಾ ಪಾರ್ಕಿನಲ್ಲಿ ಸರ್ವಜ್ಞನ ಪ್ರತಿಮೆ ನೋಡಬಹುದು. 2009ರ ಆಗಸ್ಟ್‌ನಲ್ಲಿ ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆ ಅನಾವರಣವಾದ ಕೆಲವೇ ದಿನಕ್ಕೆ ಇದೂ ಆಯ್ತು. ಇಬ್ಬರೂ ಸಣ್ಣ ಪದ್ಯದವರೇ. ವಳ್ಳುವರ್‌ಗೆ ಎರಡು ಸಾಲು, ನಮ್ಮವನಿಗೆ ಮೂರು.

ಆ ಮೂರು ಸಾಲು ಅಂದರೆ ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೂ ಇದೇ ಛಂದಸ್ಸಿದೆ, ಬೀಸುಕಲ್ಲಿನ ಹಾಡಿನಲ್ಲೂ ಇದೇ. ಲೆಕ್ಕ ಸರಳ: ಮೊದಲೆರಡು ಸಾಲಿಗೆ ನಾಲ್ಕು ನಾಲ್ಕು ಗಣ, ಮೂರನೆಯದಕ್ಕೆ ಮೂರು, ಒಟ್ಟು ಹನ್ನೊಂದು. ಆರನೆಯದು ಮತ್ತು ಹತ್ತನೆಯದು ಚಿಕ್ಕವು, ಅಂದರೆ ಬ್ರಹ್ಮಗಣ. ಉಳಿದವು ವಿಷ್ಣುಗಣ. ಕೊನೆಯ ಗಣ ‘ಸರ್ವಜ್ಞ’ ಅನ್ನೋ ಅಂಕಿತಕ್ಕೇ ಹೋಗುತ್ತೆ. ಹಾಗಾಗಿ ಹೇಳಬೇಕಾದ್ದನ್ನೆಲ್ಲ ಹತ್ತರಲ್ಲಿ ಮುಗಿಸಬೇಕು.

ಈಗ ಸಾಲದ ಪದ್ಯ ತಗೊಳ್ಳಿ. ಸ್ಕೂಲಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದೇವೆ. ನನಗೆ ಅದು ಅರ್ಥ ಆಗಿದ್ದು ಹೋಮ್ ಲೋನ್ ತಗೊಂಡ ಮೇಲೆ, ಅದು ಬೇರೆ ಮಾತು. ಪದ್ಯದಲ್ಲಿ ‘ಸಾಲ ಮಾಡಬೇಡ’ ಅಂತ ಎಲ್ಲೂ ಇಲ್ಲ, ಗಮನಿಸಿ. ಇರೋದು ಎರಡು ಅನುಭವ, ಎರಡೂ ಮೈಗೆ ಸಂಬಂಧಪಟ್ಟವು. ತಗೊಳ್ಳುವಾಗ ಹಾಲೋಗರ ಉಂಡ ಹಾಗೆ. ಓಗರ ಅಂದರೆ ಅನ್ನ, ಹಾಲೋಗರ ಅಂದರೆ ಹಾಲು ಕಲಸಿದ ಅನ್ನ. ಅಗಿಯೋ ಕಷ್ಟವೂ ಇಲ್ಲ, ನುಣ್ಣಗೆ ಇಳಿಯುತ್ತೆ. ಈ ಸುಖಕ್ಕೆ ಮೊದಲ ಸಾಲು ಪೂರ್ತಿ ಮೀಸಲು. ಎರಡನೇ ಸಾಲಿನಲ್ಲಿ ಸಾಲ ಕೊಟ್ಟವನು ಬರ್ತಾನೆ. ಅವನು ‘ಬರೋದು’ ಸರಿಯಾಗಿ ಆರನೇ ಗಣದಲ್ಲಿ, ಆ ಚಿಕ್ಕದರಲ್ಲಿ. ಓದುವಾಗ ಅಲ್ಲಿ ತಟ್ಟನೆ ಕತ್ತರಿಸಿದ ಹಾಗಾಗುತ್ತೆ. ಬಂದವನು ಎಳೆಯುತ್ತಾನೆ. ಸಾಲು ಮುಗಿಯೋದು ‘ಕಿಬ್ಬದಿ’ ಹತ್ತಿರ, ಅಂದರೆ ಸೊಂಟದ ಪಕ್ಕ. ಕೀಲು ಇರೋದು ಮುಂದಿನ ಸಾಲಿನಲ್ಲಿ. ಹಾಡೋರು ಸಾಲಿನ ಕೊನೆಯಲ್ಲಿ ಉಸಿರು ತಗೊಂಡರೆ ಸೊಂಟ ಒಂದು ಕಡೆ, ಕೀಲು ಇನ್ನೊಂದು ಕಡೆ. ಮುರಿಯೋ ಮೊದಲೇ ಪದ್ಯ ಅದನ್ನ ಬಿಡಿಸಿಟ್ಟಿದೆ! ನಗು ಬರೋದೂ ಅಲ್ಲೇ, ನೋವಾಗೋದೂ ಅಲ್ಲೇ.

ಇನ್ನೊಂದು, ಪ್ರಾಸ. ಮೂರೂ ಸಾಲಿನ ಎರಡನೇ ಅಕ್ಷರದಲ್ಲಿ ‘ಲ’ ಕಾರ ಇದೆ. ಬಾಯಿಂದ ಬಾಯಿಗೆ ಬರುವಾಗ ಸಾಲಿನ ಮೊದಲ ಪದ ಬದಲಾದರೆ ಕಿವಿಗೆ ಗೊತ್ತಾಗಿಬಿಡುತ್ತೆ, ನಮ್ಮ ಚೆಕ್‌ಸಮ್ ಇದ್ದ ಹಾಗೆ. ಸಾಲಿನ ಮಧ್ಯದ ಪದಗಳಿಗೆ ಈ ಕಾವಲು ಇಲ್ಲ, ಅದಕ್ಕೇ ಒಂದೊಂದು ಪುಸ್ತಕದಲ್ಲಿ ಒಂದೊಂದು ಪಾಠ.

ಕ್ರೈಸ್ತ ಪಾದ್ರಿಯಾಗಿದ್ದ ಉತ್ತಂಗಿ ಚನ್ನಪ್ಪನವರು ಹಸ್ತಪ್ರತಿ ಹುಡುಕಿ, ಜನರ ಬಾಯಲ್ಲಿದ್ದದ್ದನ್ನ ಕೇಳಿ, 1924ರಲ್ಲಿ ಈ ವಚನಗಳನ್ನ ಸಂಪಾದಿಸಿ ಪ್ರಕಟಿಸಿದರು. ಅಂಕಿತ ಯಾರು ಬೇಕಾದ್ರೂ ಅಂಟಿಸಬಹುದಲ್ಲ, ಅವರ ತಲೆನೋವು ಅದೇ ಇದ್ದಿರಬೇಕು. ಈಗ ವಾಟ್ಸಾಪ್‌ನಲ್ಲಿ ‘ಸರ್ವಜ್ಞ’ ಅಂತ ಕೊನೆಯಾಗೋ ಏನಾದರೂ ಬಂದರೆ ನಾನು ಮೊದಲು ಗಣ ಎಣಿಸುತ್ತೇನೆ, ಆಮೇಲೆ ಪ್ರಾಸ ನೋಡುತ್ತೇನೆ. ಬಹಳಷ್ಟು ಅಲ್ಲೇ ಬಿದ್ದುಹೋಗುತ್ತವೆ. ಗಣ ಕೂಡಿಸಿ ಬರೆಯಬಲ್ಲ ಜಾಣ ಮಾತ್ರ ಈ ಪರೀಕ್ಷೆಗೂ ಸಿಗೋದಿಲ್ಲ.