ಪರದೆ ಮತ್ತು ಸೋಫಾ ಬಟ್ಟೆಗಳ ಶುಚಿಗೊಳಿಸುವಿಕೆ

ಕಿಟಕಿ ಪರದೆ ಹಾಗೂ ಸೋಫಾ ಹೊದಿಕೆಯ ಬಟ್ಟೆಗಳು ಧೂಳಿನಿಂದ ಮಾಸುತ್ತವೆ, ಬಿಸಿಲಿನಿಂದ ಬಣ್ಣಗೆಡುತ್ತವೆ. ಇವು ಎರಡು ಬೇರೆ ಬೇರೆ ದೋಷಗಳು. ಮನೆಯಲ್ಲಿ ಒಗೆಯಬೇಕೇ ಅಥವಾ ಡ್ರೈ ಕ್ಲೀನಿಂಗ್ ಅಂಗಡಿಗೆ ಕೊಡಬೇಕೇ ಎಂಬ ನಿರ್ಧಾರಕ್ಕೆ ಮೊದಲು ಈ ವ್ಯತ್ಯಾಸವನ್ನು ಗುರುತಿಸುವುದು ಅಗತ್ಯ.

ಧೂಳು ಮತ್ತು ಬಣ್ಣಗೆಡುವಿಕೆ

ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ಬಳಿಯ ಅಮೃತಾಪುರದಂತಹ ಊರುಗಳಲ್ಲಿ ಬೇಸಿಗೆಯ ಮಣ್ಣಿನ ಧೂಳು ಪರದೆಯ ನೆರಿಗೆಗಳಲ್ಲಿ ಕೂರುತ್ತದೆ. ಕೆಂಪು ಮಣ್ಣಿಗೆ ಬಣ್ಣ ಬರುವುದು ಅದರಲ್ಲಿರುವ ಕಬ್ಬಿಣದ ಆಕ್ಸೈಡಿನಿಂದ. ಧೂಳು ತುಂಬಿದ ಬಟ್ಟೆಯನ್ನು ಹಾಗೆಯೇ ನೆನೆಸಿದರೆ ಅದು ಕೆಸರಾಗಿ ನೂಲಿನೊಳಗೆ ಇಳಿಯುತ್ತದೆ. ಕ್ಲೋರಿನ್ ಬ್ಲೀಚ್‌ನಿಂದ ಈ ಕಲೆ ಹೋಗುವುದಿಲ್ಲ. ಆದುದರಿಂದ ಒಗೆಯುವ ಮೊದಲು ಪರದೆಯನ್ನು ಹೊರಗೆ ಚೆನ್ನಾಗಿ ಕೊಡವಬೇಕು.

ಬಿಸಿಲಿನ ಅತಿನೇರಳೆ ಕಿರಣ ಹಾಗೂ ಬೆಳಕು ಬಣ್ಣದ ಅಣುಗಳನ್ನು ಒಡೆಯುತ್ತವೆ. ಕಿಟಕಿಯ ಗಾಜು ಈ ಕಿರಣಗಳನ್ನು ಪೂರ್ಣವಾಗಿ ತಡೆಯುವುದಿಲ್ಲ. ಹೀಗೆ ಹೋದ ಬಣ್ಣವನ್ನು ಯಾವ ಒಗೆತವೂ ಮರಳಿಸದು.

ಪರೀಕ್ಷೆ

ಪರದೆಯ ಕೆಳ ಅಂಚಿನ ಮಡಿಕೆಯನ್ನು ಬಿಡಿಸಿ, ಒಳಭಾಗದ ಬಣ್ಣವನ್ನು ಹೊರಭಾಗದೊಂದಿಗೆ ಹೋಲಿಸಬೇಕು. ಹೊರಭಾಗವನ್ನು ಒದ್ದೆ ಬಿಳಿ ಬಟ್ಟೆಯಿಂದ ಒರೆಸಿದ ಮೇಲೂ ಅದು ಪೇಲವವಾಗಿದ್ದರೆ ಬಣ್ಣ ಹೋಗಿದೆ. ಒರೆಸಿದ ಬಟ್ಟೆ ಕಂದಾಗಿ ಪರದೆಯ ಬಣ್ಣ ತಿಳಿಯಾದರೆ ಅದು ಧೂಳು. ಅದೇ ರೀತಿ ಮಡಿಕೆಯ ಒಳಭಾಗವನ್ನು ಉಜ್ಜಿದಾಗ ಬಿಳಿ ಬಟ್ಟೆಗೆ ಪರದೆಯ ಬಣ್ಣವೇ ಅಂಟಿದರೆ ನೀರಿನಲ್ಲಿ ಬಣ್ಣ ಬಿಡುತ್ತದೆಂದು ಅರ್ಥ. ಅಂಚಿನ ಬಟ್ಟೆಯನ್ನು ಮೆಲ್ಲನೆ ಎಳೆದಾಗ ನೂಲು ಹರಿದರೆ ಬಿಸಿಲಿಗೆ ಅದು ಜೀರ್ಣವಾಗಿದೆ. ಅಂತಹ ಬಟ್ಟೆ ಅಂಗಡಿಯ ಶುಚಿಯನ್ನೂ ತಾಳಲಾರದು.

ಒಂದು ಉದಾಹರಣೆ

ಅಸ್ತರಿಲ್ಲದ, ಏಳು ಅಡಿ ಅಂದರೆ 84 ಅಂಗುಲ ಉದ್ದದ ಹತ್ತಿ ಪರದೆಯೊಂದು ಬಣ್ಣ ಬಿಡುವುದಿಲ್ಲ ಎಂದಿಟ್ಟುಕೊಳ್ಳೋಣ. ಹೊಲಿಯುವ ಮೊದಲು ನೆನೆಸಿರದ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ಶೇ. 5ರಷ್ಟು ಕುಗ್ಗಿದರೂ ಉದ್ದದಲ್ಲಿ ಸುಮಾರು 4 ಅಂಗುಲ ಕಡಿಮೆಯಾಗುತ್ತದೆ. ಮಡಿಕೆಯಲ್ಲಿ ಅಷ್ಟು ಬಟ್ಟೆ ಉಳಿದಿದ್ದರೆ ಮನೆಯಲ್ಲೇ ಒಗೆಯಬಹುದು. ಕೊಕ್ಕೆಗಳನ್ನು ತೆಗೆದು, ತಣ್ಣೀರಿನಲ್ಲಿ ಮೃದುವಾದ ಸೋಪಿನ ಪುಡಿ ಕದಡಿ, ಹಿಂಡದೆ ಜಾಲಿಸಿ, ನೆರಳಿನಲ್ಲಿ ಒಣಗಿಸಬೇಕು. ಸ್ವಲ್ಪ ಹಸಿಯಿರುವಾಗಲೇ ಕಂಬಿಗೆ ನೇತುಹಾಕಿದರೆ ಸುಕ್ಕು ಕಡಿಮೆ.

ಅಂಗಡಿಗೆ ಕೊಡಬೇಕಾದವು

ರೇಷ್ಮೆ, ಮಖಮಲ್, ಬಣ್ಣ ಬಿಡುವ ಬಟ್ಟೆ ಹಾಗೂ ಅಸ್ತರಿರುವ ಪರದೆಗಳನ್ನು ಡ್ರೈ ಕ್ಲೀನಿಂಗ್‌ಗೆ ಕೊಡುವುದು ಲೇಸು. ಅಸ್ತರು ಮತ್ತು ಮೇಲ್ಬಟ್ಟೆ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿದರೆ ಪರದೆ ಸೊಟ್ಟಗಾಗುತ್ತದೆ. ಡ್ರೈ ಕ್ಲೀನಿಂಗ್‌ನಲ್ಲಿ ನೀರಿನ ಬದಲು ದ್ರಾವಕ ಬಳಸುವುದರಿಂದ ನೂಲು ಉಬ್ಬುವುದಿಲ್ಲ, ಕುಗ್ಗುವಿಕೆ ಕಡಿಮೆ.

ಸೋಫಾಕ್ಕೆ ಹೊಡೆದ ಬಟ್ಟೆಯನ್ನು ತೆಗೆಯಲಾಗದಿದ್ದರೆ ವ್ಯಾಕ್ಯೂಮ್ ಕ್ಲೀನರ್‌ನಿಂದ ಧೂಳೆಳೆಯುವುದಷ್ಟೇ ಮನೆಯ ಕೆಲಸ. ನೀರು ಸುರಿದರೆ ಒಳಗಿನ ಫೋಮ್ ಅದನ್ನು ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಅದು ಬೇಗ ಒಣಗದೆ ಬೂಷ್ಟು ಹಿಡಿಯುತ್ತದೆ. ಅದರ ಮೊದಲ ಸೂಚನೆ ಮುಗ್ಗಲು ವಾಸನೆ.