ಹಬ್ಬದ ಫ್ಲೆಕ್ಸ್: ಪ್ರಿಂಟ್‌ಗೆ ಕೊಡೋ ಮುಂಚೆ ಎಷ್ಟು ಅಡಿಯಿಂದ ನೋಡ್ತಾರ ಅಂತ ಅಳೀರಿ

ಗದಗ: ಗಣಪತಿ ಹಬ್ಬ ಬಂತಂದ್ರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಫ್ಲೆಕ್ಸ್ ಅಂಗಡಿಗಳಲ್ಲಿ ಕೇಳುವ ಮಾತು ಒಂದೇ: ‘ಫೋಟೋ ಕ್ಲಿಯರ್ ಬರ್ತೈತೇನ್ರಿ?’ ಈ ಪ್ರಶ್ನೆಗೆ ದೂರ ಹೇಳದೆ ಉತ್ತರ ಇಲ್ಲ. ಎಷ್ಟು ಅಡಿಯಿಂದ ನೋಡ್ತಾರೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ಲೆಕ್ಕ ಸುಲಭ. 300 ಅನ್ನು ನೋಡುವ ದೂರದಿಂದ (ಅಡಿಗಳಲ್ಲಿ) ಭಾಗಿಸಿ. ಬಂದ ಸಂಖ್ಯೆ ಅಂದ್ರೆ ಒಂದು ಇಂಚಿಗೆ ಬೇಕಾದ ಪಿಕ್ಸೆಲ್. 30 ಅಡಿಯಿಂದ ನೋಡಿದರೆ 10 ಪಿಕ್ಸೆಲ್ ಸಾಕು, 10 ಅಡಿಯಿಂದ ನೋಡಿದರೆ 30 ಬೇಕು. ಅದಕ್ಕಿಂತ ಹೆಚ್ಚು ಕೊಟ್ಟರೂ ಸಾಮಾನ್ಯ ಕಣ್ಣಿಗೆ ವ್ಯತ್ಯಾಸ ತಿಳಿಯೋದಿಲ್ಲ. ‘ನಮ್ಮ ಮಷಿನ್ 720 ಡಿಪಿಐ’ ಅಂತ ಅಂಗಡಿಯವರು ಹೇಳೋದು ಇಂಕಿನ ಹನಿಗಳ ಲೆಕ್ಕ, ನಿಮ್ಮ ಫೋಟೋದ್ದಲ್ಲ.

ಒಂದು ಉದಾಹರಣೆ ತಗೊಳ್ಳೋಣ. 20×10 ಅಡಿಯ ಬ್ಯಾನರ್. ಅದರಲ್ಲಿ 8 ಅಡಿ ಎತ್ತರದ ಗಣಪತಿ. ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು, ಉದ್ದ 1600 ಪಿಕ್ಸೆಲ್. 8 ಅಡಿ ಅಂದ್ರೆ 96 ಇಂಚು, ಹಾಗಾಗಿ ಇಂಚಿಗೆ ಸುಮಾರು 17 ಪಿಕ್ಸೆಲ್. 18 ಅಡಿ ದೂರದಿಂದ ಆಚೆಗೆ ಈ ಗಣಪ ಚೊಕ್ಕ ಕಾಣ್ತಾನೆ. ರಸ್ತೆಯ ಆ ಕಡೆ ನಿಂತವರಿಗೆ ಏನೂ ತೊಂದರೆ ಇಲ್ಲ.

ಕೆಡೋದು ಕೆಳಗಿನ ಸಾಲು. ಕಮಿಟಿಯ 16 ಜನ ಸಾಲಾಗಿ ನಿಂತು ತೆಗೆಸಿದ ಅದೇ 1600 ಪಿಕ್ಸೆಲ್ ಫೋಟೋದಿಂದ ಮುಖ ಕತ್ತರಿಸಿದರೆ ಒಬ್ಬೊಬ್ಬರ ಪಾಲಿಗೆ ಬರೋದು 100 ಪಿಕ್ಸೆಲ್. ಅದನ್ನ ಒಂದು ಅಡಿ ಅಗಲ ಮಾಡಿದರೆ ಇಂಚಿಗೆ ಎಂಟೇ ಪಿಕ್ಸೆಲ್. ನೋಡುವವರು ಮಾತ್ರ ಬ್ಯಾನರ್ ಕೆಳಗೇ, 10 ಅಡಿಯಲ್ಲಿ ನಿಂತು ತಮ್ಮ ಮುಖ ಹುಡುಕ್ತಾರೆ! ಚೌಕ ಚೌಕ ಒಡೆದಂತೆ ಕಾಣದೆ ಇನ್ನೇನಾದೀತು? ಅಂಗಡಿಯಲ್ಲಿ ಇಮೇಜ್ ಸೈಜ್‌ನ ಅಂಕಿ ಏರಿಸಿದರೆ ಕಂಪ್ಯೂಟರ್ ಇದ್ದದ್ದನ್ನೇ ಹಿಗ್ಗಿಸುತ್ತದೆ. ಚೌಕ ಹೋಗಿ ಮುಖ ಮಸುಕಾಗುತ್ತದೆ, ಅಷ್ಟೇ. ಒಂದು ಅಡಿ ಮುಖಕ್ಕೆ 360 ಪಿಕ್ಸೆಲ್ ಬೇಕು. ಅಂದ್ರೆ ಪ್ರತಿಯೊಬ್ಬರ ಬಿಡಿ ಫೋಟೋ, ಅದೂ ವಾಟ್ಸ್‌ಆ್ಯಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿದ್ದು ತರಿಸಿಕೊಳ್ಳಿ. ಹಾಗೆ ಕಳಿಸಿದರೆ ಫೋಟೋ ಕುಗ್ಗೋದಿಲ್ಲ.

ಇನ್ನು ಅಕ್ಷರ. 10 ಅಡಿ ದೂರಕ್ಕೆ ಒಂದು ಇಂಚು ಎತ್ತರ ಅನ್ನೋದು ಬೋರ್ಡ್ ಬರೆಯುವವರ ರೂಢಿಯ ಲೆಕ್ಕ. ಆದರೆ ಇದು ಇಂಗ್ಲಿಷ್ ದೊಡ್ಡಕ್ಷರ ಇಟ್ಟುಕೊಂಡು ಮಾಡಿದ್ದು. ಕನ್ನಡದಲ್ಲಿ ‘ಉತ್ಸವ’ ಅಂತ ಬರೆದರೆ ಒತ್ತಕ್ಷರವೂ ಜಾಗ ತಿನ್ನುತ್ತದೆ. ಐದು ಇಂಚಿನ ಸಾಲಿನಲ್ಲಿ ಮೂಲ ಅಕ್ಷರಕ್ಕೆ ಉಳಿಯೋದು ಮೂರು ಇಂಚಿನಷ್ಟು. ಅಳೆಯಬೇಕಾದ್ದು ಆ ಮೂಲ ಅಕ್ಷರವನ್ನು, ಇಡೀ ಸಾಲನ್ನಲ್ಲ.

ಗಂಟೆಗೆ 30 ಕಿ.ಮೀ. ವೇಗದಲ್ಲಿ ಬೈಕ್ ಒಂದು ಸೆಕೆಂಡಿಗೆ 27 ಅಡಿ ಸಾಗುತ್ತದೆ. ದಿನಾಂಕ, ಸ್ಥಳ ಓದಲು ನಾಲ್ಕು ಸೆಕೆಂಡ್ ಬೇಕು ಅಂತಿಟ್ಟುಕೊಳ್ಳಿ. ಸವಾರ ಸುಮಾರು 110 ಅಡಿ ದೂರದಿಂದಲೇ ಓದಲು ಶುರು ಮಾಡಬೇಕು, ಅಕ್ಷರ 11 ಇಂಚು ಇರಬೇಕು. 20 ಅಡಿ ಅಗಲದಲ್ಲಿ ಅಂಥ ಅಕ್ಷರ ಸಾಲಿಗೆ 15-16 ಹಿಡಿಸಬಹುದು. ಎರಡು ಸಾಲು ಬರೆಯುವಷ್ಟರಲ್ಲಿ ನಾಲ್ಕು ಅಡಿ ಎತ್ತರ ಹೋಯ್ತು. ಮೂವತ್ತು ಜನರ ಹೆಸರಿಗೆ ಜಾಗ ಎಲ್ಲಿ?

ಇಲ್ಲೇ ‘ಹಂಗಾದ್ರ ಸೈಜ್ ದೊಡ್ಡದ ಮಾಡ್ರಿ’ ಅನ್ನೋ ಮಾತು ಬರೋದು. ಬ್ಯಾನರ್ ಬೆಳೆದಷ್ಟೂ ಫ್ರೇಮ್ ಎತ್ತರ ಆಗುತ್ತದೆ, ಮೇಲೆ ಕರೆಂಟ್ ತಂತಿ ಇರುತ್ತದೆ. 2024ರ ಜನವರಿಯಲ್ಲಿ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ನಟ ಯಶ್ ಹುಟ್ಟುಹಬ್ಬದ ಕಟೌಟ್ ನಿಲ್ಲಿಸುವಾಗ ವಿದ್ಯುತ್ ತಗುಲಿ ಮೂವರು ಯುವಕರು ಸತ್ತದ್ದು ಜಿಲ್ಲೆ ಮರೆತಿಲ್ಲ. ಹೆಸರು ಓದಿಸಲು ಎತ್ತರ ಬೇಕಿಲ್ಲ. ರಸ್ತೆಯ ಬ್ಯಾನರ್‌ನಲ್ಲಿ ದೇವರು, ದಿನಾಂಕ, ಸ್ಥಳ ಮಾತ್ರ ಇಟ್ಟು, ಹೆಸರು-ಮುಖಗಳನ್ನು 6×4 ಅಡಿಯ ಬೇರೆ ಬೋರ್ಡ್‌ನಲ್ಲಿ ಪೆಂಡಾಲ್ ಬಾಗಿಲಲ್ಲಿ ಕಣ್ಣಿನ ಮಟ್ಟಕ್ಕೆ ಕಟ್ಟಿ. ಅಲ್ಲಿ ಒಂದು ಇಂಚಿನ ಅಕ್ಷರವೂ ಸಲೀಸಾಗಿ ಓದಬಹುದು. (ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದ ನಿಷೇಧ ಇದೆ. ಬಟ್ಟೆ ಬ್ಯಾನರ್‌ಗೂ ಲೆಕ್ಕ ಇದೇ, ಇಂಕು ತುಸು ಹರಡುವುದರಿಂದ ಸಣ್ಣ ಅಕ್ಷರ ಇನ್ನಷ್ಟು ದಪ್ಪ ಬೇಕು.)

ಅಳತೆ ತಲೆಗೆ ಹತ್ತದಿದ್ದರೆ ಮೊಬೈಲ್‌ನಲ್ಲೇ ನೋಡಿ. ಡಿಸೈನ್ ಪೂರ್ತಿ ಕಾಣುವಂತೆ ಫೋನ್ ಅಡ್ಡ ಹಿಡಿಯಿರಿ, ಬ್ಯಾನರ್ ಸುಮಾರು ಆರು ಇಂಚು ಅಗಲ ಕಾಣುತ್ತದೆ. ಅದನ್ನು ಕಣ್ಣಿನಿಂದ ಒಂದು ಅಡಿ ದೂರ ಇಟ್ಟರೆ 20 ಅಡಿ ಅಗಲದ ಬ್ಯಾನರನ್ನು 40 ಅಡಿಯಿಂದ ನೋಡಿದಂತೆ. ಎರಡು ಅಡಿಗೆ ಇಟ್ಟರೆ 80 ಅಡಿ. ಹಿಗ್ಗಿಸದೆ ಅಲ್ಲಿ ಓದಲಾಗದ ಸಾಲು ರಸ್ತೆಯಲ್ಲೂ ಓದಲು ಬರೋದಿಲ್ಲ. ಫೋಟೋ ಒಡೆಯೋದು ಮಾತ್ರ ಇದರಲ್ಲಿ ಗೊತ್ತಾಗೋದಿಲ್ಲ. ಅದಕ್ಕೆ ಅಂಗಡಿಯಲ್ಲಿ ಒಂದು ಮುಖವನ್ನು ಪೂರ್ತಿ ಅಳತೆಯಲ್ಲಿ, ಒಂದೇ ಅಡಿ ತುಂಡಿನ ಮೇಲೆ ಪ್ರಿಂಟ್ ತೆಗೆಸಿ ಗೋಡೆಗೆ ಹಚ್ಚಿ, ಹತ್ತು ಹೆಜ್ಜೆ ಹಿಂದೆ ಸರಿದು ಒಮ್ಮೆ, ನಾಲ್ಕು ಹೆಜ್ಜೆಗೆ ಬಂದು ಒಮ್ಮೆ ನೋಡಿ.